ಹೆಸರು ಮೊದಲೋ, ಕೈ ಮೊದಲೋ: ಖಿಲಾಫತ್ತು ಮನೆತನದ ಆಳ್ವಿಕೆಯಾದ ಕಥನಗಳ ಒಂದು ಓದು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೇ ಉಳಿಸಿಕೊಳ್ಳಲಾಗಿದೆ.)

ಧ್ವನಿ ಸರಿಯಾಗಿ ಬರ್ತಾ ಇದೆ ಅಂದ್ಕೋತೀನಿ. ನಮ್ಮ ಅಕ್ಕಲಕೋಟ ಕಡೆ ಮಳಿ ಹತ್ತೇದ, ನಡುವೆ ಕಡಿದು ಹೋದ್ರೆ ಚಾಟ್‌ನಲ್ಲಿ ತಿಳಿಸ್ರಿ.

ನಾನು ಕನ್ನಡ ಸಾಹಿತ್ಯದ ವಿದ್ಯಾರ್ಥಿ, ಇತಿಹಾಸದವನಲ್ಲ. ಹಂಗಿದ್ದೂ ಈ ವಿಷಯಕ್ಕೆ ಯಾಕೆ ಕೈ ಹಾಕಿದೆ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ನಮ್ಮ ಭಾಗದಲ್ಲಿ ಮೊಹರಂ ಹಬ್ಬಕ್ಕೆ ಹಾಡುವ ರಿವಾಯತ ಪದಗಳನ್ನು ಕೂಡಿಹಾಕುವ ಕೆಲಸ ಮಾಡ್ತಾ ಇದ್ದೆ. ಒಬ್ಬ ಹಿರಿಯ ಪದಗಾರರ ಮುಂದೆ ಕುಂತಾಗ, ಓದಿದವನೆಂಬ ಹಮ್ಮಿನಲ್ಲಿ, "ಕಾಕಾ, ಮೊದಲ ನಾಲ್ಕು ಮಂದಿ ಖಲೀಫರು ಚುನಾಯಿತರು, ಆಮ್ಯಾಲೆ ರಾಜಮನೆತನ ಬಂತು" ಅಂದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು: "ಚುನಾಯಿತರು ಅಂದ್ರ ಮತಾ ಯಾರು ಹಾಕಿದ್ರಪಾ? ಹುಸೇನರು ಕೊಡಾಕ ಒಲ್ಲೆ ಅಂದದ್ದು ಮತಾ ಅಲ್ಲ, ಕೈ." ನನ್ನ ಬಳಿ ಉತ್ತರ ಇರಲಿಲ್ಲ. ಈ ಪ್ರಬಂಧ ಆ ಉತ್ತರದ ಹುಡುಕಾಟ.

'ರಿವಾಯತ' ಅನ್ನೋ ಮಾತಿನಿಂದಲೇ ಶುರು ಮಾಡೋಣ. ನಮಗದು ಹಾಡಿನ ಒಂದು ಪ್ರಕಾರ. ಅರಬ್ಬಿಯಲ್ಲಿ ಅದಕ್ಕೆ 'ಒಬ್ಬರಿಂದ ಒಬ್ಬರಿಗೆ ದಾಟಿಸಿದ ವರದಿ' ಎಂಬ ಅರ್ಥ. ಖಿಲಾಫತ್ತಿನ ಮೊದಲ ಮೂರು ಶತಮಾನಗಳ ಬಗ್ಗೆ ನಮಗೆ ತಿಳಿದಿರುವುದರ ಬಹುಭಾಗ ಇಂಥ ವರದಿಗಳ ರೂಪದಲ್ಲೇ ಉಂಟು. ಇವುಗಳನ್ನು ಅತಿ ದೊಡ್ಡ ಪ್ರಮಾಣದಲ್ಲಿ ಒಂದೆಡೆ ಸೇರಿಸಿದವನು ತಬರಿ. ಅವನು ಬಗ್ದಾದಿನಲ್ಲಿ 923ರಲ್ಲಿ ತೀರಿಕೊಂಡ. ಅಂದ್ರೆ 632ರ ಘಟನೆಗಳಿಗೂ ಅವನ ಪುಸ್ತಕಕ್ಕೂ ನಡುವೆ ಸುಮಾರು ಮುನ್ನೂರು ವರ್ಷ. ಅವನು ಒಂದೇ ಘಟನೆಗೆ ಎರಡು ಮೂರು ರಿವಾಯತ್ತುಗಳನ್ನು, ಹೇಳಿದವರ ಹೆಸರುಸಹಿತ, ಪಕ್ಕಪಕ್ಕ ಇಡುತ್ತಾನೆ. ಇದು ನಿಜ, ಇದು ಸುಳ್ಳು ಎಂದು ಹೆಚ್ಚಾಗಿ ತೀರ್ಪು ಕೊಡುವುದಿಲ್ಲ. ಆ ಕೆಲಸ ಓದುವವರದು. ಪಾಠಾಂತರಗಳ ಜೊತೆ ಗುದ್ದಾಡುವ ನಮ್ಮಂಥ ಸಾಹಿತ್ಯದವರಿಗೆ ಇದು ಪರಿಚಿತ ಊರು.

ಇನ್ನು ಕೈಯ ವಿಷಯ. ಖಲೀಫನಿಗೆ ನಿಷ್ಠೆ ಸೂಚಿಸುವ ಕ್ರಿಯೆಗೆ ಅರಬ್ಬಿಯಲ್ಲಿ ಬೈಅತ್ ಅನ್ನುತ್ತಾರೆ. ಕೊಡು-ಕೊಳ್ಳು ಎಂಬ ಅರ್ಥದ ಧಾತುವಿನಿಂದ ಬಂದ ಶಬ್ದ. 1377ರಲ್ಲಿ ತನ್ನ 'ಮುಕದ್ದಿಮಾ' ಬರೆದ ಇಬ್ನ್ ಖಲ್ದೂನ್ ಇದನ್ನು ಬಿಡಿಸಿ ಹೇಳುತ್ತಾನೆ: ಕೊಳ್ಳುವವನೂ ಮಾರುವವನೂ ಮಾತು ಪಕ್ಕಾ ಆಯಿತೆಂದು ಕೈ ಹಿಡಿಯುವಂತೆ ಆಳುವವನ ಕೈಮೇಲೆ ಕೈ ಇಡುವುದರಿಂದ ಈ ಹೆಸರು. ನಮ್ಮ ದನದ ಸಂತೆಯಲ್ಲಿ ಟವೆಲಿನ ಕೆಳಗೆ ಕೈ ಹಿಡಿದು ದರ ಮಾತಾಡೋದನ್ನ ನೋಡಿದವರಿಗೆ ಇದರ ಅಂತರಾರ್ಥ ಥಟ್ಟನೆ ಹೊಳೆಯುತ್ತದೆ. ವ್ಯವಹಾರ ಅಂದಮೇಲೆ ಎರಡೂ ಕಡೆಯವರಿಗೆ ಒಲ್ಲೆ ಅನ್ನುವ ದಾರಿ ಇರಬೇಕು. ದರ ಗೊತ್ತಿರಬೇಕು, ಎತ್ತು ಕಣ್ಣೆದುರು ನಿಂತಿರಬೇಕು.

ನನ್ನ ವಾದ ಇಷ್ಟೇ. ಆರಂಭದ ಖಲೀಫರಿಂದ ಮನೆತನದ ಖಲೀಫರಿಗೆ ಬರುವಾಗ ಬೈಅತ್ ಹೋಗಲಿಲ್ಲ. ಅದು ಕೊನೆಯವರೆಗೂ ಉಳಿಯಿತು. ಬದಲಾದದ್ದು ಅದರ ಸರದಿ: ಹೆಸರು ನಿಂತದ್ದು ಯಾವಾಗ, ಕೈ ಚಾಚಿದ್ದು ಯಾವಾಗ ಎಂಬುದು.

ಮೊದಲಿಗೆ 'ಚುನಾಯಿತ' ಎಂಬ ಪದವನ್ನೇ ಪರೀಕ್ಷೆ ಮಾಡೋಣ. 632ರಲ್ಲಿ ಪ್ರವಾದಿ ಮದೀನಾದಲ್ಲಿ ತೀರಿಕೊಂಡ ದಿನವೇ ಅಲ್ಲಿಯ ಮೂಲನಿವಾಸಿಗಳಾದ ಅನ್ಸಾರರು ಬನೂ ಸಾಇದಾ ಕುಲದ ಚಪ್ಪರದಲ್ಲಿ, ಸಕೀಫಾದಲ್ಲಿ, ಸೇರಿದರು. ತಮ್ಮ ಮುಖಂಡ ಸಾದ್ ಇಬ್ನ್ ಉಬಾದಾರನ್ನು ನಿಲ್ಲಿಸಬೇಕೆಂಬ ಯೋಚನೆ ಅವರದು. ಸುದ್ದಿ ತಿಳಿದು ಅಬೂಬಕರ್, ಉಮರ್, ಅಬೂ ಉಬೈದಾ ಮೂವರೂ ಓಡಿಬಂದರು. ನಿಮ್ಮವನೊಬ್ಬ ನಾಯಕ, ನಮ್ಮವನೊಬ್ಬ ನಾಯಕ ಎಂಬ ಸಲಹೆಯೂ ಬಂತು. ಗದ್ದಲ ಏರಿತು. ಆ ಗದ್ದಲದ ನಡುವೆ ಅಬೂಬಕರರ ಕೈಗೆ ಕೈ ಸೇರಿತು. ಮೊದಲು ಚಾಚಿದ ಕೈ ಉಮರರದೆಂದು ಒಂದು ರಿವಾಯತ್, ಅನ್ಸಾರರಲ್ಲೇ ಒಬ್ಬರಾದ ಬಶೀರ್ ಇಬ್ನ್ ಸಾದ್ ಅವರದೆಂದು ಇನ್ನೊಂದು. ಮರುದಿನ ಮಸೀದಿಯಲ್ಲಿ ಸಾಮೂಹಿಕ ಬೈಅತ್ ನಡೆಯಿತು. ಪ್ರವಾದಿಯ ಅಂತ್ಯಸಂಸ್ಕಾರದ ಸಿದ್ಧತೆಯಲ್ಲಿದ್ದ ಅಲಿ ಸಕೀಫಾದಲ್ಲಿ ಇರಲೇ ಇಲ್ಲ. ಮುಂದೆ ಉಮರರೇ ಆ ದಿನದ ಕೆಲಸ ಅವಸರದ್ದಾಗಿತ್ತು, ದೇವರು ಅದರ ಕೇಡನ್ನು ತಪ್ಪಿಸಿದ ಎಂಬ ಅರ್ಥದ ಮಾತಾಡಿದರೆಂದು ವರದಿಗಳು ಹೇಳುತ್ತವೆ.

ಇದು ಚುನಾವಣೆಯಾ? ಅಲ್ಲ. ಆದರೆ ಹೆಸರು ಮೊದಲೇ ನಿಂತಿರಲಿಲ್ಲ, ಜಗಳದಿಂದ ಹುಟ್ಟಿತು ಎಂಬುದಂತೂ ಸ್ಪಷ್ಟ. ಶಿಯಾ ಸಂಪ್ರದಾಯ ಈ ಹಂತದಲ್ಲೇ ಬೇರೆ ದಾರಿ ಹಿಡಿಯುತ್ತದೆ. ಅವರ ಪ್ರಕಾರ ಹೆಸರನ್ನು ಪ್ರವಾದಿಯೇ ಗದೀರ್ ಖುಮ್‌ನಲ್ಲಿ ಹೇಳಿಯಾಗಿತ್ತು, ಅದು ಅಲಿಯ ಹೆಸರು. ಆದ್ದರಿಂದ ಸಕೀಫಾದ್ದು ಆಯ್ಕೆಯಲ್ಲ, ಅಪಹಾರ. 'ಚುನಾಯಿತ ಖಲೀಫರು' ಎಂದು ಸಲೀಸಾಗಿ ಬರೆಯುವಾಗ ನಾವು ಗೊತ್ತಿಲ್ಲದೇ ಒಂದು ಪಕ್ಷದಲ್ಲಿ ಕುಂತಿರ್ತೀವಿ.

ಎರಡನೆಯವರ ವಿಷಯಕ್ಕೆ ಬಂದರೆ ಕ್ರಮವೇ ಬೇರೆ. 634ರಲ್ಲಿ ಅಬೂಬಕರರು ಹಾಸಿಗೆ ಹಿಡಿದಾಗ ಕೆಲವರನ್ನು ಕೇಳಿ, ಉತ್ತರಾಧಿಕಾರದ ಪತ್ರವನ್ನು ಉಸ್ಮಾನರಿಂದ ಬರೆಸಿದರು. ತಬರಿ ಕೊಡುವ ಒಂದು ವರದಿ ನನಗೆ ಬಹಳ ಹಿಡಿಸಿತು: ಹೇಳುತ್ತಾ ಹೇಳುತ್ತಾ ಹೆಸರಿನ ಜಾಗಕ್ಕೆ ಬರುವಷ್ಟರಲ್ಲಿ ಅಬೂಬಕರರು ಎಚ್ಚರ ತಪ್ಪಿದರಂತೆ. ಉಸ್ಮಾನರು ತಾವೇ ಉಮರರ ಹೆಸರು ಬರೆದುಬಿಟ್ಟರಂತೆ. ಎಚ್ಚರವಾದ ಮೇಲೆ ಓದಿಸಿ ಕೇಳಿ ಅಬೂಬಕರರು ಒಪ್ಪಿದರಂತೆ. ನಿಜವೋ ಅಲ್ಲವೋ, ಹೆಸರು ಯಾರ ಬಾಯಿಂದ ಬರಬೇಕೆಂಬ ಅಳುಕನ್ನು ಈ ಕಥೆ ಎಷ್ಟು ಸೂಕ್ಷ್ಮವಾಗಿ ಹಿಡಿದಿದೆ ನೋಡ್ರಿ. ಲಿಪಿಕಾರನ ಕೈಯಲ್ಲಿ ಒಂದು ಗಳಿಗೆ ಇಡೀ ರಾಜ್ಯವೇ ನಿಂತಿತ್ತು.

644ರಲ್ಲಿ ಇರಿತಕ್ಕೆ ಸಿಕ್ಕ ಉಮರರು ಮೂರನೇ ರೀತಿ ಹೂಡಿದರು: ಅಲಿ, ಉಸ್ಮಾನ್, ಅಬ್ದುರ್ರಹ್ಮಾನ್ ಇಬ್ನ್ ಔಫ್, ಸಾದ್ ಇಬ್ನ್ ಅಬೀ ವಕ್ಕಾಸ್, ಝುಬೈರ್, ತಲ್ಹಾ ಎಂಬ ಆರು ಜನರ ಸಮಾಲೋಚನಾ ಮಂಡಳಿ. ಅದೇ ಶೂರಾ. ಮೂರು ದಿನದ ಗಡುವು. ಮಗ ಅಬ್ದುಲ್ಲಾ ಸಲಹೆ ಕೊಡಬಹುದು, ಅಭ್ಯರ್ಥಿಯಾಗುವಂತಿಲ್ಲ. ಅಬ್ದುರ್ರಹ್ಮಾನರು ತಾವು ಸ್ಪರ್ಧೆಯಿಂದ ಹಿಂದೆ ಸರಿದು ಮಧ್ಯಸ್ಥರಾದರು. ಮಸೀದಿಯಲ್ಲಿ ಎಲ್ಲರೆದುರು ಅಲಿಯ ಕೈ ಹಿಡಿದು, ದೇವಗ್ರಂಥ, ಪ್ರವಾದಿಯ ನಡೆ, ಹಿಂದಿನ ಇಬ್ಬರ ನಡೆ, ಇವುಗಳಂತೆ ನಡೆಯುತ್ತೀರಾ ಎಂದು ಕೇಳಿದರು. ಅಲಿ, ನನ್ನ ಶಕ್ತಿಗೆ ತಕ್ಕಂತೆ ಎಂದರು. ಆ ಕೈ ಬಿಟ್ಟು ಉಸ್ಮಾನರ ಕೈ ಹಿಡಿದು ಅದೇ ಪ್ರಶ್ನೆ ಕೇಳಿದರು. ಉಸ್ಮಾನರು ಹೌದು ಎಂದರು. ಕೈ ಬಿಡುವುದು, ಕೈ ಹಿಡಿಯುವುದು ಈ ವರದಿಯಲ್ಲಿ ಬರೀ ಅಲಂಕಾರವಲ್ಲ, ತೀರ್ಪೇ ಅದು.

656ರಲ್ಲಿ ಉಸ್ಮಾನರ ಕೊಲೆಯಾಯಿತು. ಬಂಡಾಯದ ನಡುವೆ ಅಲಿಗೆ ಮದೀನಾದಲ್ಲಿ ಬೈಅತ್ ಆಯಿತು. ಸಿರಿಯಾದ ಅಧಿಕಾರಿ ಮುಆವಿಯಾ ಒಪ್ಪಲಿಲ್ಲ. ಯುದ್ಧ ನಡೆಯಿತು. 661ರಲ್ಲಿ ಕೂಫಾದಲ್ಲಿ ಅಲಿಯ ಕೊಲೆ. ಅಲಿಯ ಮಗ ಹಸನ್ ಅಧಿಕಾರ ಬಿಟ್ಟುಕೊಟ್ಟ ಮೇಲೆ ಮುಆವಿಯಾ ದಮಾಸ್ಕಸ್ಸಿನಿಂದ ಆಳತೊಡಗಿದ. ಇದನ್ನು ಬೇಗ ದಾಟಿಸ್ತಾ ಇದ್ದೀನಿ, ಕ್ಷಮೆ ಇರಲಿ. ಇದರ ಮೇಲೆಯೇ ಬೇರೆ ಗೋಷ್ಠಿ ಬೇಕು.

ಒಟ್ಟಿನಲ್ಲಿ ನಾಲ್ವರಿಗೆ ನಾಲ್ಕು ರೀತಿ: ಜಗಳದ ಸಭೆ, ಪತ್ರ, ಮಂಡಳಿ, ಬಂಡಾಯ. ಒಂದು ನಿಯಮ ಅಂತ ಇರಲಿಲ್ಲ. ಇವರಲ್ಲಿ ಯಾರೂ ಹಿಂದಿನವನ ಮಗನಲ್ಲ ಎಂಬುದೊಂದೇ ಸಾಮಾನ್ಯ ಅಂಶ. ನಿಯಮ ಇಲ್ಲದ ಈ ಜಾಗಕ್ಕೇ ಮುಆವಿಯಾ ಬಂದ.

ಮುಆವಿಯಾ ತಾನು ಬದುಕಿರುವಾಗಲೇ ಮಗ ಯಜೀದನಿಗೆ ಬೈಅತ್ ತೆಗೆದುಕೊಂಡ. ತಬರಿ ಇದನ್ನು ಹಿಜರಿ 56ರಲ್ಲಿ, ಅಂದ್ರೆ 676ರ ಸುಮಾರಿಗೆ, ಇಡುತ್ತಾನೆ. ಈ ಯೋಚನೆ ಯಾರದು ಎಂಬುದಕ್ಕೆ ಅವನು ಕೊಡುವ ಕಥೆ ಹೀಗೆ: ಕೂಫಾದ ಅಧಿಕಾರಿ ಮುಗೀರಾನಿಗೆ ತನ್ನ ಹುದ್ದೆ ಹೋಗುವ ಭಯ. ಅದನ್ನು ಉಳಿಸಿಕೊಳ್ಳಲು ಅವನು ಯಜೀದನ ಕಿವಿಯಲ್ಲಿ ಈ ಮಾತು ಊದಿದ. ನನಗೆ ಈ ಕಥೆಯ ಮೇಲೆ ಅನುಮಾನ ಉಂಟು. ಇಡೀ ಸಾಮ್ರಾಜ್ಯದ ದಿಕ್ಕನ್ನು ಒಬ್ಬ ನೌಕರನ ನೌಕರಿಗೆ ಕಟ್ಟಿಹಾಕುವ ಕಥೆ ಕೇಳಲು ಚೆಂದ. ನಮ್ಮಲ್ಲೂ ಮಂಥರೆಯ ಗೂನಿನ ಮೇಲೆ ಭಾರ ಹಾಕಿ ದಶರಥನನ್ನು ಬಿಡಿಸುವ ರೂಢಿ ಅದ. ಆದರೆ ಸಿರಿಯಾದ ಸೈನಿಕ ಕುಲಗಳ ಬೆಂಬಲ ಇಲ್ಲದೆ ಬರೀ ಕಿವಿಯೂದಿದ್ದರಿಂದ ಇದು ಆಗುತ್ತಿರಲಿಲ್ಲ. ಯಜೀದನ ತಾಯಿ ಮೈಸೂನ್ ಸಿರಿಯಾದ ಬಲಿಷ್ಠ ಕಲ್ಬ್ ಕುಲದವಳು ಎಂಬುದನ್ನು ಮರೆಯಬಾರದು. ಇಬ್ನ್ ಖಲ್ದೂನ್ ಕೂಡ ಕಿವಿಯೂದಿದ ಕಥೆಯನ್ನು ಬದಿಗಿಟ್ಟು ಇದನ್ನೇ ಹೇಳುತ್ತಾನೆ: ಆಗ ಬಲ ಇದ್ದದ್ದು ಉಮಯ್ಯರ ಕುಲಬಂಧದಲ್ಲಿ, ಅವರು ಹೊರಗಿನವನನ್ನು ಒಪ್ಪುತ್ತಿರಲಿಲ್ಲ, ಬೇರೆಯವನನ್ನು ಹೆಸರಿಸಿದ್ದರೆ ಒಡಕು ಆಗುತ್ತಿತ್ತು. ಇದು ಮುಆವಿಯಾನ ಪರವಾದ ವಾದ ಹೌದು. ಆದರೆ ಕಾರಣವನ್ನು ಒಬ್ಬನ ಕೆಟ್ಟತನದಲ್ಲಿ ಹುಡುಕದೆ ಬಲದ ಲೆಕ್ಕದಲ್ಲಿ ಹುಡುಕುತ್ತದೆ.

ಆ ಬೈಅತ್ ಹೇಗೆ ನಡೆಯಿತು ಎಂಬುದಕ್ಕೆ ಕಾರ್ಡೊಬಾದ ಇಬ್ನ್ ಅಬ್ದ್ ರಬ್ಬಿಹಿ (ಮರಣ 940) ಒಂದು ಸಭೆಯ ಚಿತ್ರ ಕೊಡುತ್ತಾನೆ. ಪ್ರಾಂತಗಳಿಂದ ನಿಯೋಗಗಳು ದಮಾಸ್ಕಸ್ಸಿಗೆ ಬಂದಿವೆ. ಒಬ್ಬ ಎದ್ದು ಮುಆವಿಯಾನ ಕಡೆ ಬೆರಳು ಮಾಡಿ ಖಲೀಫ ಇವರು ಅನ್ನುತ್ತಾನೆ. ಯಜೀದನ ಕಡೆ ತೋರಿಸಿ, ಇವರು ಸತ್ತರೆ ಅವರು ಅನ್ನುತ್ತಾನೆ. ಕೊನೆಗೆ ಕತ್ತಿಯ ಕಡೆ ತೋರಿಸಿ, ಒಲ್ಲೆ ಅಂದವರಿಗೆ ಇದು ಅನ್ನುತ್ತಾನೆ. ಮುಆವಿಯಾ ಅವನನ್ನು ಮಾತುಗಾರರ ಸರದಾರ ಎಂದು ಹೊಗಳಿ ಕೂರಿಸುತ್ತಾನೆ. ಬಸ್ರಾದ ಹಿರಿಯ ಅಹ್ನಫ್ ಸರದಿ ಬಂದಾಗ ಅವನು ನಿಜ ಹೇಳಿದರೆ ನಿಮ್ಮ ಭಯ, ಸುಳ್ಳು ಹೇಳಿದರೆ ದೇವರ ಭಯ ಎಂಬರ್ಥದ ಮಾತಾಡಿ ಸುಮ್ಮನಾಗುತ್ತಾನೆ. ಮುಖ ಒಂದು, ಮುಖ ಇನ್ನೊಂದು, ಕತ್ತಿ: ನಾಟಕದ ದೃಶ್ಯದಷ್ಟು ಅಚ್ಚುಕಟ್ಟಾಗಿರುವುದರಿಂದಲೇ ಇದನ್ನು ವರದಿಯೆಂದು ನಂಬಲು ನಾನು ಹಿಂಜರಿಯುತ್ತೇನೆ. ಆದರೂ ಒಂದು ವಿಷಯ. ಇದನ್ನು ಬರೆದವನು ಉಮಯ್ಯರ ಶತ್ರುಗಳ ಊರಾದ ಬಗ್ದಾದಿನವನಲ್ಲ, ಉಮಯ್ಯರ ವಂಶದವರೇ ಆಳುತ್ತಿದ್ದ ಕಾರ್ಡೊಬಾದವನು. ಅಲ್ಲಿಯೂ ಈ ಕಥೆ ಹೀಗೇ ಚಲಾವಣೆಯಲ್ಲಿತ್ತು.

ಮದೀನಾದಲ್ಲಿ ಮಾತ್ರ ಹಲವರು ಕೈ ಚಾಚಲಿಲ್ಲ. ಅಬೂಬಕರರ ಮಗ ಅಬ್ದುರ್ರಹ್ಮಾನ್, ಇದು ರೋಮನ್ ದೊರೆಗಳ ಪದ್ಧತಿ, ಒಬ್ಬ ಸತ್ತರೆ ಅವನ ಮಗ, ಎಂದು ಆಕ್ಷೇಪಿಸಿದರೆಂದು ವರದಿ. 680ರಲ್ಲಿ ಮುಆವಿಯಾ ಸತ್ತಾಗ ಯಜೀದನ ಮೊದಲ ಕೆಲಸಗಳಲ್ಲಿ ಒಂದು, ಹುಸೇನರಿಂದಲೂ ಅಬ್ದುಲ್ಲಾ ಇಬ್ನ್ ಝುಬೈರರಿಂದಲೂ ಬೈಅತ್ ಪಡೆಯಿರಿ ಎಂದು ಮದೀನಾದ ಅಧಿಕಾರಿಗೆ ಬರೆದದ್ದು. ರಾತ್ರಿ ಕರೆಸಿದಾಗ ಹುಸೇನರು, ನನ್ನಂಥವನು ಗುಟ್ಟಾಗಿ ಬೈಅತ್ ಕೊಡುವುದಿಲ್ಲ, ಎಲ್ಲರನ್ನೂ ಕರೆದಾಗ ನೋಡೋಣ ಎಂಬರ್ಥದಲ್ಲಿ ಉತ್ತರಿಸಿ ಹೊರಬಂದರು, ಮಕ್ಕಾಕ್ಕೆ ಹೋದರು. ಕೂಫಾದಿಂದ ಕಾಗದಗಳ ಮೇಲೆ ಕಾಗದ ಬಂದವು. ಅಲ್ಲಿ ಅವರ ಪರವಾಗಿ ಸಾವಿರಾರು ಜನ ಮುಸ್ಲಿಮ್ ಇಬ್ನ್ ಅಕೀಲರ ಕೈಯಲ್ಲಿ ಕೈ ಇಟ್ಟರು. ಹೊಸ ಅಧಿಕಾರಿ ಬಂದು ಬಿಗಿ ಮಾಡಿದ ಕೂಡಲೇ ಅವರೆಲ್ಲ ಚದುರಿಹೋದರು. ಕನ್ನಡದಲ್ಲಿ 'ಕೈ ಕೊಟ್ಟರು' ಅಂದ್ರೆ ನಡುನೀರಿನಲ್ಲಿ ಬಿಟ್ಟರು ಅಂತಲೂ ಅರ್ಥ. ಕೂಫಾದವರು ಎರಡೂ ಅರ್ಥದಲ್ಲಿ ಕೈ ಕೊಟ್ಟರು. 680ರ ಅಕ್ಟೋಬರ್ 10ರಂದು ಕರ್ಬಲಾದಲ್ಲಿ ಹುಸೇನರ ಹತ್ಯೆಯಾಯಿತು. ನಮ್ಮ ಪದಗಾರರು ಹಾಡುವುದು ಇದನ್ನೇ. ಕಾಕಾ ಹೇಳಿದ 'ಕೈ' ಇದು.

ಆದರೆ ಇಲ್ಲಿಗೆ ಮನೆತನ ಗೆದ್ದುಬಿಟ್ಟಿತು ಎಂದು ಮುಗಿಸಿದರೆ ತಪ್ಪಾಗ್ತದೆ. ಯಜೀದ ಸತ್ತು, ಅವನ ಮಗನೂ ಬೇಗ ಸತ್ತ ಮೇಲೆ, 684ರಲ್ಲಿ ಸಿರಿಯಾದ ಕುಲಗಳು ಜಾಬಿಯಾ ಎಂಬಲ್ಲಿ ಸೇರಿ ಉಮಯ್ಯರ ಇನ್ನೊಂದು ಕವಲಿನ ಮುದುಕ ಮರ್ವಾನನನ್ನು ಆರಿಸಿದವು. ಅತ್ತ ಮಕ್ಕಾದಲ್ಲಿ ಇಬ್ನ್ ಝುಬೈರ್ ತಾವೇ ಖಲೀಫರೆಂದು 692ರವರೆಗೆ ನಿಂತರು. ದಮಾಸ್ಕಸ್ಸಿನ ಉಮಯ್ಯ ಖಲೀಫರ ಪಟ್ಟಿ ಹಾಕಿ ನೋಡಿ. 661ರಿಂದ 750ರವರೆಗೆ ಹದಿನಾಲ್ಕು ಜನ. ಹದಿಮೂರು ಸಲ ಅಧಿಕಾರ ಕೈ ಬದಲಾಯಿಸಿತು. ಅದರಲ್ಲಿ ತಂದೆಯಿಂದ ಮಗನಿಗೆ ನೇರವಾಗಿ ಹೋದದ್ದು ನಾಲ್ಕು ಸಲ ಮಾತ್ರ. ಉಳಿದದ್ದೆಲ್ಲ ಅಣ್ಣನಿಂದ ತಮ್ಮನಿಗೆ, ದಾಯಾದಿಗೆ, ಅಣ್ಣನ ಮಗನಿಗೆ. ಮನೆತನ ನಿಶ್ಚಯವಾಯಿತು, ಆದರೆ ಮನೆತನದೊಳಗೆ ಯಾರು ಎಂಬುದು ನಿಶ್ಚಯವಾಗಲಿಲ್ಲ. ಹಿರಿಮಗನಿಗೇ ಪಟ್ಟ ಎಂಬ ಕಟ್ಟಳೆ ಇರಲಿಲ್ಲ. ಬೈಅತ್ ಉಳಿದದ್ದು ಇದೇ ಕಾರಣಕ್ಕೆ ಅಂತ ನನಗೆ ಅನ್ನಿಸ್ತದೆ. ಹುಟ್ಟಿನಿಂದ ತೀರದ ಪ್ರಶ್ನೆಯನ್ನು ಕೈಯಿಂದ ತೀರಿಸಬೇಕಾಗಿತ್ತು.

ಇದು ಅತ್ಯಂತ ವಿಚಿತ್ರವಾಗಿ ಕಾಣುವುದು 717ರಲ್ಲಿ, ಉತ್ತರ ಸಿರಿಯಾದ ದಾಬಿಕ್‌ನಲ್ಲಿ. ಖಲೀಫ ಸುಲೈಮಾನ್ ಜ್ವರದಲ್ಲಿ ಮಲಗಿದ್ದಾನೆ. ಉತ್ತರಾಧಿಕಾರಿಯೆಂದು ನಿಲ್ಲಿಸಿದ್ದ ಮಗ ಅಯ್ಯೂಬ್ ಮೊದಲೇ ತೀರಿಕೊಂಡಿದ್ದಾನೆ. ಇನ್ನೊಬ್ಬ ಮಗ ಕಾನ್‌ಸ್ಟಾಂಟಿನೋಪಲ್ ಮುತ್ತಿಗೆಯ ಸೈನ್ಯದ ಜೊತೆ ದೂರದಲ್ಲಿದ್ದಾನೆ, ಬದುಕಿದ್ದಾನೋ ಇಲ್ಲವೋ ತಿಳಿಯದು. ಉಳಿದವರು ಚಿಕ್ಕವರು. ಆಸ್ಥಾನದ ವಿದ್ವಾಂಸ ರಜಾ ಇಬ್ನ್ ಹೈವಾ ದಾಯಾದಿ ಉಮರ್ ಇಬ್ನ್ ಅಬ್ದುಲ್ ಅಝೀಝ್ ಹೆಸರು ಸೂಚಿಸುತ್ತಾನೆ. ತಮ್ಮಂದಿರು ಒಪ್ಪುವುದಿಲ್ಲ ಎಂಬುದು ಸುಲೈಮಾನನ ಭಯ. ಅದಕ್ಕೆ ಉಮರನ ನಂತರ ತಮ್ಮ ಯಜೀದ್ (ಕರ್ಬಲಾದ ಯಜೀದನಲ್ಲ, ಇವನು ಬೇರೆ) ಎಂದೂ ಸೇರಿಸಿ ಬರೆದು, ಕಾಗದ ಮಡಿಚಿ, ಮುದ್ರೆ ಒತ್ತುತ್ತಾರೆ. ಮನೆತನದವರನ್ನೆಲ್ಲ ಕರೆಸಿ, ಈ ಕಾಗದದೊಳಗೆ ಹೆಸರಿರುವವನಿಗೆ ಬೈಅತ್ ಕೊಡಿ ಅನ್ನುತ್ತಾರೆ. ಅವರು ಕೊಡುತ್ತಾರೆ. ಯಾರಿಗೆ ಅಂತ ಗೊತ್ತಿಲ್ಲ!

ಮುಂದಿನದು ರೋಚಕ. ಉಮರ್ ರಜಾನ ಬಳಿ ಬಂದು, ನನ್ನ ಹೆಸರಿದ್ದರೆ ಈಗಲೇ ಹೇಳು, ತಪ್ಪಿಸಿಕೊಳ್ತೀನಿ ಅನ್ನುತ್ತಾನೆ. ಸುಲೈಮಾನನ ತಮ್ಮ ಹಿಶಾಮ್ ಬಂದು, ನನ್ನ ಹೆಸರಿಲ್ಲದಿದ್ದರೆ ಹೇಳು ಅನ್ನುತ್ತಾನೆ. ರಜಾ ಬಾಯಿ ಬಿಡುವುದಿಲ್ಲ. ಸುಲೈಮಾನ್ ಸತ್ತಾಗ ಶವಕ್ಕೆ ಹೊದಿಸಿ, ಬಾಗಿಲು ಹಾಕಿ, ಸಾವಿನ ಸುದ್ದಿ ಮುಚ್ಚಿಟ್ಟು, ಎಲ್ಲರನ್ನೂ ದಾಬಿಕ್ ಮಸೀದಿಗೆ ಸೇರಿಸಿ ಅದೇ ಮುಚ್ಚಿದ ಕಾಗದಕ್ಕೆ ಎರಡನೇ ಸಲ ಬೈಅತ್ ತೆಗೆದುಕೊಳ್ಳುತ್ತಾನೆ. ಆಮೇಲೆಯೇ ಸಾವಿನ ಸುದ್ದಿ, ಆಮೇಲೆಯೇ ಹೆಸರು. ಹಿಶಾಮ್ ಕೊಡೋದೇ ಇಲ್ಲ ಎಂದು ಕೂಗುತ್ತಾನೆ. ರಜಾ ತಲೆ ತೆಗೀತೀನಿ ಅಂದಾಗ ಕಾಲೆಳೆಯುತ್ತಾ ಬಂದು ಕೈ ಕೊಡುತ್ತಾನೆ. ಅವರಿಬ್ಬರೂ ದುಃಖದಲ್ಲಿ ಹೇಳುವ ಒಂದೇ ಮಾತನ್ನು ಹೇಳಿದರಂತೆ, ಒಬ್ಬ ಅಧಿಕಾರ ತನಗೆ ಬಂದದ್ದಕ್ಕೆ, ಇನ್ನೊಬ್ಬ ತಪ್ಪಿಹೋದದ್ದಕ್ಕೆ.

ವಿಮರ್ಶಕನಾಗಿ ಇಲ್ಲಿ ಎರಡು ಮಾತು ಹೇಳಲೇಬೇಕು. ಈ ಕಥೆಯನ್ನು ಹೇಳುವವನು ರಜಾನೇ. ಮುಚ್ಚಿದ ಕೋಣೆಯಲ್ಲಿ ಸಾಯುವವನ ಜೊತೆ ಇದ್ದ ಸಾಕ್ಷಿಯೂ ಅವನೇ, ಹೆಸರು ಸೂಚಿಸಿದವನೂ ಅವನೇ, ಮುದ್ರೆ ಕಾದವನೂ ಅವನೇ. ಕಾಗದದೊಳಗೆ ಸುಲೈಮಾನ್ ನಿಜವಾಗಿ ಬರೆಸಿದ್ದು ಏನು ಎಂದು ಕೇಳಲು ಬೇರೆ ಯಾರೂ ಇಲ್ಲ. ಅಬೂಬಕರರ ಪತ್ರದ ಕಥೆಯಲ್ಲಿ ಲಿಪಿಕಾರ ಬರೆದ ಹೆಸರನ್ನು ಓದಿ ಕೇಳಿ ಒಪ್ಪಲು ಯಜಮಾನ ಎಚ್ಚರವಾಗುತ್ತಾನೆ. ಇಲ್ಲಿ ಕಾಗದ ಒಡೆಯುವ ಹೊತ್ತಿಗೆ ಯಜಮಾನ ಇಲ್ಲ. ಎರಡನೆಯದು, ಹೀಗೆ ಬಂದ ಉಮರನೇ ಪರಂಪರೆಯಲ್ಲಿ ಉಮಯ್ಯರಲ್ಲೆಲ್ಲ ಒಳ್ಳೆಯವನೆಂದು ಹೆಸರಾದವನು, ಮೊದಲ ಖಲೀಫರ ಸಾಲಿಗೆ ಸೇರಿಸಲ್ಪಟ್ಟವನು. ಅತಿ ಹೆಚ್ಚು ಕಣ್ಣು ಕಟ್ಟಿದ ಬೈಅತ್ತಿನಿಂದ ಅತಿ ಹೆಚ್ಚು ಮೆಚ್ಚಿಗೆಯ ಖಲೀಫ ಬಂದ. ಆದ್ದರಿಂದ ಆ ವಿಧಾನದ ಬಗ್ಗೆ ಯಾರೂ ಗಟ್ಟಿಯಾಗಿ ಪ್ರಶ್ನೆ ಎತ್ತಲಿಲ್ಲ. ಸಂತೆಯ ಭಾಷೆಯಲ್ಲಿ ಹೇಳೋದಾದ್ರೆ ಎತ್ತು ನೋಡದೇ ಕೈ ಹೊಡೆದರು, ಎತ್ತು ಒಳ್ಳೇದೇ ಸಿಕ್ಕಿತು.

750ರಲ್ಲಿ ಅಬ್ಬಾಸಿಯರು ಬಂದರು. ಪ್ರವಾದಿಯ ಮನೆತನದಲ್ಲಿ ಎಲ್ಲರಿಗೂ ಒಪ್ಪಿಗೆಯಾಗುವವನು ಎಂಬ, ಹೆಸರು ಹೇಳದ ಘೋಷಣೆಯಿಂದಲೇ ಅವರ ಬಂಡಾಯ ಬೆಳೆದಿತ್ತು. ಗೆದ್ದಮೇಲೆ ಒಪ್ಪಿಗೆ ಕೇಳಲಿಲ್ಲ, ತಮ್ಮವನನ್ನೇ ಕೂಡಿಸಿದರು. ಅವರ ಕಾಲದ್ದು ಒಂದೇ ಪ್ರಸಂಗ ತೆಗೆದುಕೊಳ್ತೀನಿ.

ಹಾರೂನ್ ರಶೀದನಿಗೆ ಇಬ್ಬರು ಮಕ್ಕಳ ಚಿಂತೆ. ಮಾಮೂನ್ 786ರಲ್ಲಿ ಹುಟ್ಟಿದ, ತಾಯಿ ಪರ್ಷಿಯನ್ ದಾಸಿ. ಅಮೀನ್ ಕೆಲವೇ ತಿಂಗಳು ಕಿರಿಯ, ತಾಯಿ ಅಬ್ಬಾಸಿ ಮನೆತನದವಳೇ ಆದ ಝುಬೈದಾ. ಕಿರಿಯ ಅಮೀನನಿಗೆ 792ರಲ್ಲಿ, ಐದು ವರ್ಷದ ಮಗುವಾಗಿದ್ದಾಗಲೇ, ಬೈಅತ್ ಆಯಿತು. ಕೆಲ ವರ್ಷಗಳ ನಂತರ ಅವನ ಹಿಂದೆ ಮಾಮೂನ್ ಎಂದು ಸೇರಿಸಿದರು. ಇಷ್ಟಾದರೂ ತಂದೆಗೆ ನಂಬಿಕೆ ಇಲ್ಲ. 802ರಲ್ಲಿ ಇಬ್ಬರನ್ನೂ ಹಜ್‌ಗೆ ಕರೆದೊಯ್ದು, ಕಾಬಾದಲ್ಲಿ ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಂಡ. ಅಮೀನ್ ಖಲೀಫನಾದಾಗ ಖುರಾಸಾನ್ ಪ್ರಾಂತ, ಅದರ ಸೈನ್ಯ, ಕಂದಾಯ, ಟಪಾಲು ವ್ಯವಸ್ಥೆ ಎಲ್ಲ ಮಾಮೂನನದು, ಅಮೀನ್ ತಲೆ ಹಾಕುವಂತಿಲ್ಲ, ಅವನನ್ನು ಉತ್ತರಾಧಿಕಾರದಿಂದ ತೆಗೆಯುವಂತಿಲ್ಲ. ಮುರಿದರೆ ಹೆಂಡಂದಿರಿಗೆ ತಲಾಕ್, ಗುಲಾಮರಿಗೆ ಬಿಡುಗಡೆ, ಕಾಲ್ನಡಿಗೆಯ ಹಜ್ ಯಾತ್ರೆಗಳು. ಸಾಕ್ಷಿಗಳ ಸಹಿತ ಪತ್ರಗಳನ್ನು ಕಾಬಾದಲ್ಲಿ ತೂಗುಹಾಕಿದರು. ಪೂರ್ತಿ ಪಾಠವನ್ನು ತಬರಿ ಕೊಡುತ್ತಾನೆ. ತೂಗುಹಾಕುವಾಗಲೇ ಪತ್ರ ಕೆಳಗೆ ಬಿತ್ತು, ಜನ ಅಪಶಕುನ ಎಂದರು ಎಂಬ ವರದಿಯೂ ಉಂಟು. ಆಗಿಹೋದ ಮೇಲೆ ಹುಟ್ಟುವ ಶಕುನ ಅದು, ಬಿಡಿ.

ಆ ಪತ್ರವನ್ನು ಓದುವಾಗ ನನಗೆ ತಟ್ಟಿದ್ದು ಅದರ ಉದ್ದ. ಸಕೀಫಾದಲ್ಲಿ ಒಂದು ಕೈ ಸಾಕಾಯಿತು. ಇಲ್ಲಿ ಹೀಗಾದರೆ, ಹಾಗಾದರೆ, ಅದೂ ಆಗಿ ಇದೂ ಆದರೆ ಎಂದು ಷರತ್ತಿನ ಮೇಲೆ ಷರತ್ತು. ನಂಬಿಕೆ ಕಡಿಮೆಯಾದಷ್ಟೂ ವಾಕ್ಯ ಉದ್ದವಾಗುತ್ತದೆ. ಮತ್ತು ಪತ್ರದಲ್ಲಿ ಒಪ್ಪಂದ ಇರುವುದು ಅಣ್ಣತಮ್ಮಂದಿರ ನಡುವೆ. ಸಮುದಾಯ ಪಕ್ಷಗಾರನೇ ಅಲ್ಲ, ಬರೀ ಸಾಕ್ಷಿ. ಆಳುವವನಿಗೂ ಆಳಿಸಿಕೊಳ್ಳುವವರಿಗೂ ನಡುವೆ ಇದ್ದ ಕೊಡು-ಕೊಳ್ಳುವಿಕೆ ಒಂದು ಮನೆಯ ಪಾಲುಪಟ್ಟಿಯಾಯಿತು. ನನ್ನ ಮಟ್ಟಿಗೆ ಖಿಲಾಫತ್ತು ಪೂರಾ ಮನೆತನದ್ದಾದ ಗಳಿಗೆ 676 ಅಲ್ಲ, ಇದು.

809ರಲ್ಲಿ ಹಾರೂನ್ ತೂಸ್‌ನಲ್ಲಿ ಸತ್ತ. ಅಮೀನ್ ತನ್ನ ಪುಟ್ಟ ಮಗ ಮೂಸಾನ ಹೆಸರನ್ನು ಮಾಮೂನನ ಜಾಗಕ್ಕೆ ತಂದ, ಕಾಬಾದಿಂದ ಪತ್ರಗಳನ್ನು ತರಿಸಿ ಹರಿಸಿಹಾಕಿದ. ಅಣ್ಣತಮ್ಮಂದಿರ ಯುದ್ಧ ಶುರುವಾಯಿತು, ಬಗ್ದಾದ್ ತಿಂಗಳುಗಟ್ಟಲೆ ಮುತ್ತಿಗೆಯಲ್ಲಿ ಬೆಂದಿತು, 813ರಲ್ಲಿ ಅಮೀನನ ಕೊಲೆಯಾಯಿತು. ಮಾಮೂನನ ಕಡೆಯವರಿಗೆ ಆ ಹರಿದ ಪತ್ರವೇ ದೊಡ್ಡ ಆಯುಧವಾಯಿತು. ಬೈಅತ್ ಮುರಿದವನು ಅವನು, ನಾವಲ್ಲ ಎಂದರು. ಯಾವ ಕಾಗದವೂ ಹಾರೂನನ ಮಕ್ಕಳನ್ನು ತಡೆಯಲಿಲ್ಲ, ಆದರೆ ಯಾರನ್ನು ದೂರಬೇಕೆಂದು ಎಲ್ಲರಿಗೂ ಕಲಿಸಿತು. ಈ ಕಥನ ನಮಗೆ ಬಂದದ್ದು ಗೆದ್ದವನ ಕಡೆಯಿಂದ ಎಂಬುದನ್ನೂ ನೆನಪಿಡಬೇಕು.

ಅಲ್ಲಿಂದ ಮುಂದೆ 861ರಲ್ಲಿ ತುರ್ಕಿ ಕಾವಲುಪಡೆ ಖಲೀಫ ಮುತವಕ್ಕಿಲನನ್ನು ಕೊಂದಿತು. ಮನೆತನ ಉಳಿಯಿತು, ಆರಿಸುವ ಕೈ ಬೇರೆಯವರದಾಯಿತು. ಸಾಹಿತ್ಯದವರು ನೆನೆಯಬೇಕಾದ ಒಬ್ಬ ಈ ಕಾಲದಲ್ಲಿದ್ದಾನೆ: ಅರಬ್ಬಿ ಅಲಂಕಾರಗಳ ಮೇಲೆ 'ಕಿತಾಬ್ ಅಲ್ ಬದೀ' ಬರೆದ ಇಬ್ನ್ ಅಲ್ ಮುಅ್‌ತಝ್. ನಮ್ಮ ಕವಿರಾಜಮಾರ್ಗಕ್ಕೆ ಕೆಲವೇ ದಶಕಗಳ ಕಿರಿಯ ಗ್ರಂಥ. 908ರಲ್ಲಿ, ಹದಿಮೂರರ ಹುಡುಗ ಮುಕ್ತದಿರನನ್ನು ಇಳಿಸಿ ಈ ಲಾಕ್ಷಣಿಕನಿಗೆ ಬೈಅತ್ ಕೊಟ್ಟರು. ಒಂದೇ ದಿನದ ಖಲೀಫ. ಹುಡುಗನ ಅರಮನೆ ಪಡೆ ತಿರುಗಿಬಿತ್ತು, ಇವನನ್ನು ಹಿಡಿದು ಕೊಂದರು.

ಈ ಎಲ್ಲ ನಡೆದ ಮೇಲೆ ಶಾಸ್ತ್ರ ಬರೆದವನು ಮಾವರ್ದಿ (ಮರಣ 1058). ಖಲೀಫನಾಗಲು ಎರಡು ದಾರಿ ಎಂದು ಅವನು ಹೇಳುತ್ತಾನೆ: ಹಿರಿಯರ ಆಯ್ಕೆ, ಇಲ್ಲವೇ ಹಿಂದಿನವನ ನೇಮಕ. ಆಯ್ಕೆಗೆ ಎಷ್ಟು ಜನ ಬೇಕು? ಐವರು ಅನ್ನುವವರಿದ್ದಾರೆ, ಮೂವರು ಅನ್ನುವವರಿದ್ದಾರೆ, ಒಬ್ಬನೇ ಸಾಕು ಅನ್ನುವವರೂ ಇದ್ದಾರೆ. ಐವರಿಗೆ ಆಧಾರ ಸಕೀಫಾ ಮತ್ತು ಉಮರರ ಶೂರಾ. ನೇಮಕಕ್ಕೆ ಆಧಾರ ಅಬೂಬಕರರ ಪತ್ರ. ಮಗನನ್ನೇ ನೇಮಿಸಬಹುದಾ ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯಗಳನ್ನು ಪಟ್ಟಿ ಮಾಡುತ್ತಾನೆ. ಗಮನಿಸಿ, ಮನೆತನದ ಪದ್ಧತಿಗೆ ಬೇಕಾದ ಪುರಾವೆಗಳೆಲ್ಲ ಮೊದಲ ಖಲೀಫರ ಕಾಲದಿಂದಲೇ ಬಂದವು. ಒಂದು ಸಲ ಗಡಿಬಿಡಿಯಲ್ಲಿ ನಡೆದದ್ದು ನಾನೂರು ವರ್ಷಗಳ ನಂತರ ಸಂಖ್ಯಾಶಾಸ್ತ್ರವಾಯಿತು. ಇಬ್ನ್ ಖಲ್ದೂನನ ಕಾಲಕ್ಕೆ ಕೈ ಹಿಡಿಯುವುದೂ ಹೋಗಿತ್ತು. ಈಗ ಬೈಅತ್ ಅಂದ್ರೆ ನೆಲಕ್ಕೆ, ಕೈಗೆ, ಕಾಲಿಗೆ, ಉಡುಪಿನ ಅಂಚಿಗೆ ಮುತ್ತಿಡುವುದು ಎಂದು ಅವನೇ ಬರೆಯುತ್ತಾನೆ.

ಇಲ್ಲಿಗೆ ಮಂಡನೆ ನಿಲ್ಲಿಸ್ತೀನಿ. ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದದ, ಓದ್ತೀನಿ: "ಎಲ್ಲ ಒಂದೇ ಥರಾ ಅಂದಂಗಾಯ್ತು. ಹಂಗಾದ್ರ ಸಕೀಫಾಕ್ಕೂ ಯಜೀದನ ಬೈಅತ್ತಿಗೂ ಫರಕು ಇಲ್ಲೇನು?"

ಫರಕು ಅದ, ಮತ್ತು ನಾನು ಅದನ್ನು ಮೊದಲೇ ಹೇಳಬೇಕಿತ್ತು. ಕೈ ಚಾಚಿದವರನ್ನು ಎಣಿಸಿದರೆ ಅದು ಕಾಣುವುದಿಲ್ಲ, ಚಾಚದವರಿಗೆ ಏನಾಯಿತು ಎಂದು ನೋಡಬೇಕು. ಅಲಿ ತಿಂಗಳುಗಟ್ಟಲೆ ಅಬೂಬಕರರಿಗೆ ಬೈಅತ್ ಕೊಡಲಿಲ್ಲ ಎಂಬ ವರದಿಗಳಿವೆ. ಆಗ ಅವರ ಮನೆಬಾಗಿಲಲ್ಲಿ ಬೆದರಿಕೆ ನಡೆಯಿತೆಂಬ ವರದಿಗಳೂ ಇವೆ, ಶಿಯಾ ಪರಂಪರೆ ಅದನ್ನು ದೊಡ್ಡ ಅನ್ಯಾಯವೆಂದೇ ಎಣಿಸುತ್ತದೆ. ಆದ್ದರಿಂದ ಆ ಕಾಲವನ್ನು ನಾನು ಚಿನ್ನದ ಕಾಲ ಅನ್ನೋದಿಲ್ಲ. ಮುಂದೆ ಅಲಿಯೇ ಖಲೀಫರಾದಾಗ ಉಮರರ ಮಗ ಅಬ್ದುಲ್ಲಾ, ಸಾದ್ ಇಬ್ನ್ ಅಬೀ ವಕ್ಕಾಸ್ ಮುಂತಾದವರು ದೂರ ನಿಂತರು. ಅವರ ಪಾಡಿಗೆ ಅವರನ್ನು ಬಿಟ್ಟರು. 680ರಲ್ಲಿ ಹಾಗೆ ಬಿಡಲಿಲ್ಲ. 717ರಲ್ಲಿ ಹಿಶಾಮನಿಗೆ ತಲೆ ತೆಗೀತೀನಿ ಅಂದರು.

ಮತ್ತ, ಸಕೀಫಾದಲ್ಲಿ ಸೋತ ಆ ಮುಖಂಡ ಸಾದ್ ಇಬ್ನ್ ಉಬಾದಾ ಇದ್ದಾರಲ್ಲ, ಅವರು ಅಬೂಬಕರರಿಗೆ ಕೈ ಚಾಚಲೇ ಇಲ್ಲ ಅಂತ ರಿವಾಯತ್. ಕೊನೆಗೆ ಮದೀನಾ ಬಿಟ್ಟು ಸಿರಿಯಾಕ್ಕೆ ಹೋದರು, ಅಲ್ಲಿ ಹೌರಾನ್ ಸೀಮೆಯಲ್ಲಿ ತೀರಿಕೊಂಡರು. ಈ ಹೆಸರನ್ನು ನಾನಿನ್ನೂ ಕಾಕಾನ ಮುಂದೆ ಹೇಳಿಲ್ಲ. ಮಳಿ ನಿಂತ ಮೇಲೆ ಹೋಗ್ತೀನಿ.